ಮೆಗ್ನೀಸಿಯಂ ಸಿಟ್ರೇಟ್, ಗ್ಲೈಸಿನೇಟ್, ಆಕ್ಸೈಡ್: ದಿನವೂ ನುಂಗುವವರಿಗೆ ಯಾವುದು ಹೊಂದುತ್ತದೆ?

ಮೂರನ್ನೂ ತಿಂಗಳುಗಟ್ಟಲೆ ಬಳಸಿದ ಮೇಲೆ ಕೊಡುವ ತೀರ್ಪು ಒಂದೇ: ಡಬ್ಬಿಯ ಮುಂಭಾಗದ ದೊಡ್ಡ ಅಂಕಿಯನ್ನು ನಂಬಬೇಡಿ, ಹಿಂಭಾಗದಲ್ಲಿ ‘ಎಲಿಮೆಂಟಲ್ ಮೆಗ್ನೀಸಿಯಂ’, ಅಂದರೆ ಸಂಯುಕ್ತದ ತೂಕದಲ್ಲಿ ಬರೀ ಮೆಗ್ನೀಸಿಯಂನ ಪಾಲು, ಎಷ್ಟಿದೆ ನೋಡಿ. ಆಕ್ಸೈಡ್‌ನ ತೂಕದಲ್ಲಿ ಸುಮಾರು 60% ಮೆಗ್ನೀಸಿಯಂ ಇರುತ್ತದೆ. ಸಿಟ್ರೇಟ್‌ನಲ್ಲಿ ಹೆಚ್ಚೆಂದರೆ 16%, ಗ್ಲೈಸಿನೇಟ್‌ನಲ್ಲಿ 14%.

ಹಾಗಾದರೆ ಆಕ್ಸೈಡ್ ಲಾಭವಲ್ಲವೇ? ಅಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹೆಚ್ಚಿನ ಪಾಲು ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದು ನೀರನ್ನು ಎಳೆದುಕೊಂಡು ಮಲವನ್ನು ಮೆದುಗೊಳಿಸುತ್ತದೆ. ನಿದ್ರೆಗೆಂದು ರಾತ್ರಿ 500 ಮಿ.ಗ್ರಾಂ ಆಕ್ಸೈಡ್ ನುಂಗಿದವರು ಬೆಳಿಗ್ಗೆ ಶೌಚಾಲಯಕ್ಕೆ ಓಡುವುದು ಇದಕ್ಕೇ. ಮಲಬದ್ಧತೆಗೆ ಮಾತ್ರ ಇದೇ ಗುಣ ಬೇಕು. ಮಾತ್ರೆಯ ಜೊತೆ ಒಂದು ದೊಡ್ಡ ಲೋಟ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಎಳೆದುಕೊಳ್ಳಲು ನೀರೇ ಸಾಲುವುದಿಲ್ಲ. ಸಿಟ್ರೇಟ್ ಚೆನ್ನಾಗಿ ಕರಗುತ್ತದೆ, ಹೊಟ್ಟೆಯನ್ನೂ ಸ್ವಲ್ಪ ಸಡಿಲಿಸುತ್ತದೆ. ಮಲಬದ್ಧತೆಯೂ ಇದ್ದು ಮೆಗ್ನೀಸಿಯಂ ಕೊರತೆಯೂ ಇರುವವರಿಗೆ ನಾನು ಹೇಳುವುದು ಇದನ್ನೇ.

ನಿದ್ರೆಗೆ ಗ್ಲೈಸಿನೇಟ್ ಆರಿಸಿಕೊಳ್ಳಲು ಮುಖ್ಯ ಕಾರಣ, ಅದು ಹೊಟ್ಟೆ ಕೆಡಿಸುವುದು ಕಡಿಮೆ. ನಿದ್ರೆ ತರುವ ಬಗ್ಗೆ ಪುರಾವೆ ತೆಳುವಾಗಿದೆ. ಮಲಗುವ ಒಂದು ಗಂಟೆ ಮೊದಲು 100ರಿಂದ 200 ಮಿ.ಗ್ರಾಂ ಎಲಿಮೆಂಟಲ್ ತೆಗೆದುಕೊಂಡು ನಾಲ್ಕು ವಾರ ನೋಡಿ. ಬದಲಾವಣೆ ಕಾಣದಿದ್ದರೆ ಡೋಸ್ ಏರಿಸಬೇಡಿ, ನಿಲ್ಲಿಸಿ.

ಕೊಳ್ಳುವಾಗ ಒಂದು ಲೆಕ್ಕ ಹಾಕಿ. ಲೇಬಲ್‌ನಲ್ಲಿ ‘ಗ್ಲೈಸಿನೇಟ್ 500 ಮಿ.ಗ್ರಾಂ, ಎಲಿಮೆಂಟಲ್ 100 ಮಿ.ಗ್ರಾಂ’ ಎಂದಿದೆ ಅಂದುಕೊಳ್ಳೋಣ. ಶುದ್ಧ ಗ್ಲೈಸಿನೇಟ್ ಆಗಿದ್ದರೆ 70ರ ಆಸುಪಾಸು ಬರಬೇಕಿತ್ತು. ಉಳಿದ 30 ಬಹುಮಟ್ಟಿಗೆ ಬೆರೆಸಿದ ಆಕ್ಸೈಡ್‌ನಿಂದ ಬಂದದ್ದು. ‘ಬಫರ್ಡ್’ ಎಂಬ ಪದದ ಹಿಂದೆ ಇರುವುದೂ ಸಾಮಾನ್ಯವಾಗಿ ಇದೇ. ಗ್ಲೈಸಿನೇಟ್ ತಿಂದರೂ ಭೇದಿಯಾಗುತ್ತಿದೆ ಎನ್ನುವವರು ಮೊದಲು ಈ ಸಾಲನ್ನು ಓದಬೇಕು.

ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೆ? ಇಲ್ಲಿ ಮೂರಕ್ಕೂ ಕಡಿಮೆ ಅಂಕ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ಹೇಳುವಂತೆ, ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂ ಉಪಯೋಗವಾಗುವ ಸಂಭವ ಕಡಿಮೆ. ರಕ್ತದಲ್ಲಿ ನಿಜವಾಗಿಯೂ ಕೊರತೆ ಇದ್ದರೆ ಮಾತು ಬೇರೆ.

ಪೂರಕವಾಗಿ ತೆಗೆದುಕೊಳ್ಳುವ ಮಿತಿ ಅಮೆರಿಕದಲ್ಲಿ ದಿನಕ್ಕೆ 350 ಮಿ.ಗ್ರಾಂ, ಯುರೋಪಿನಲ್ಲಿ 250. ಮಲಬದ್ಧತೆಯ ಡೋಸ್ ಇದನ್ನು ಸುಲಭವಾಗಿ ಮೀರುವುದರಿಂದ ವೈದ್ಯರನ್ನು ಕೇಳದೆ ದೀರ್ಘಕಾಲ ಮುಂದುವರಿಸಬೇಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ನುಂಗುತ್ತಿದ್ದರೂ ಅಂತರ ಇಡಬೇಕು, ಏಕೆಂದರೆ ಮೆಗ್ನೀಸಿಯಂ ಆ ಔಷಧಿಗೆ ಅಂಟಿಕೊಂಡು ಅದು ಒಳಸೇರದಂತೆ ತಡೆಯುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮೂರರಲ್ಲಿ ಯಾವುದೂ ಸ್ವಂತ ಆಯ್ಕೆಯಲ್ಲ. ಹೊರಹೋಗದ ಮೆಗ್ನೀಸಿಯಂ ರಕ್ತದಲ್ಲಿ ಸೇರುತ್ತಾ ಹೋಗಿ ತೂಕಡಿಕೆ, ಸ್ನಾಯು ಸೋಲುವಿಕೆ, ನಿಧಾನಗೊಂಡ ನಾಡಿಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.