ಹೆಜ್ಜೆ ಸದ್ದು ಮುಂದಿನದ್ದಾ, ಹಿಂದಿನದ್ದಾ? ಒಂದೇ ಹೆಡ್‌ಸೆಟ್, ನಾಲ್ಕು ಸೆಟ್ಟಿಂಗ್

ರಾತ್ರಿ ಮಲಗಿರುವಾಗ ತೋಟದಲ್ಲಿ ಅಡಿಕೆ ಸೋಗೆ ಬಿದ್ದರೆ ಸದ್ದು ಕೇಳುತ್ತದೆ. ಎಡವೋ ಬಲವೋ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ತಲೆಯ ಕಡೆಯೋ ಕಾಲಿನ ಕಡೆಯೋ ಎಂದು ಹೇಳಬೇಕಾದರೆ ನಾನು ದಿಂಬಿನಿಂದ ತಲೆ ಸ್ವಲ್ಪ ಎತ್ತಿ, ಒಮ್ಮೆ ಆಚೀಚೆ ತಿರುಗಿಸಿ, ಇನ್ನೊಂದು ಸದ್ದಿಗೆ ಕಾಯುತ್ತೇನೆ. ವ್ಯಾಲೊರಂಟ್ ಎಂಬ ಶೂಟಿಂಗ್ ಆಟದಲ್ಲಿ ನಾನು ಸಾಯುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಎದುರಾಳಿಯ ಹೆಜ್ಜೆ ಕೇಳಿರುತ್ತದೆ, ಬದಿಯೂ ಗೊತ್ತಿರುತ್ತದೆ. ಮುಂದಿನಿಂದ ಬರುತ್ತಾನೆ ಅಂದುಕೊಂಡು ಕಾಯುತ್ತಿರುವಾಗ ಹಿಂದಿನಿಂದ ಬಂದು ಹೊಡೆದಿರುತ್ತಾನೆ.

ನನ್ನದು ವಯರ್ ಇರುವ ಸಾದಾ ಸ್ಟೀರಿಯೊ ಹೆಡ್‌ಸೆಟ್. ಮೈಕ್ ಇದೆ, ಎರಡು ಕಿವಿಗೆ ಎರಡು ಸ್ಪೀಕರ್, ಅಷ್ಟೇ. ಸದ್ದು ಯಾವ ದಿಕ್ಕಿನದೆಂದು ತಿಳಿಯುವ ಹಾಗೆ ಮಾಡುವ ಸ್ಪೇಷಿಯಲ್ ಆಡಿಯೊ ಹಾಕು, ಎಲ್ಲ ಸರಿಯಾಗುತ್ತದೆ ಎಂದು ಜೊತೆಗೆ ಆಡುವವರೆಲ್ಲ ಹೇಳುತ್ತಿದ್ದರು. ಯಾವುದು ಹಾಕಬೇಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಳೆದ ಮಳೆಗಾಲದಲ್ಲಿ ನೀರ್ಚಾಲಿನ ಮನೆಯಲ್ಲಿ ಕೂತು, ಕುಂಬಳೆಯಲ್ಲಿರುವ ಭಾವನನ್ನು ಜೊತೆಗೆ ಸೇರಿಸಿಕೊಂಡು ಲೆಕ್ಕ ಹಾಕಿಯೇ ನೋಡಿದೆ. ಭಾವ ಅಂದರೆ ಸೋದರತ್ತೆಯ ಮಗ.

ಮೊದಲ ರಾತ್ರಿ ಪೂರ್ತಿ ಹಾಳಾಯಿತು. ನಾನು ಬ್ಲೂಟೂತ್ ಹೆಡ್‌ಫೋನ್ ಹಾಕಿ ಕೂತಿದ್ದೆ. ಭಾವನ ಜೊತೆ ಮಾತಾಡಲು ಅದರ ಮೈಕ್ ಆನ್ ಆದ ಕ್ಷಣವೇ ಆಟದ ಸದ್ದು ಹಳೆಯ ಫೋನಿನಲ್ಲಿ ಕೇಳಿದಂತೆ ಆಯಿತು. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಬಳಸಿದರೆ ಹೆಡ್‌ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಆಗ ಎರಡೂ ಕಿವಿಗೆ ಒಂದೇ ಸದ್ದು. ಎಡ ಬಲವೇ ಇಲ್ಲದ ಮೇಲೆ ಸ್ಪೇಷಿಯಲ್ ಎಲ್ಲಿಂದ ಬರಬೇಕು? ಹಾಗಾಗಿ ವಯರ್ ಇರುವುದಕ್ಕೇ ಬಂದೆ. ಅದರಲ್ಲೂ ಮೊದಲ ಹತ್ತು ಉತ್ತರ ಪೂರಾ ಉಲ್ಟಾ. ಮೈಕಿನ ಕಡ್ಡಿ ಬಲಕ್ಕೆ ಬರುವ ಹಾಗೆ ಹೆಡ್‌ಸೆಟ್ಟನ್ನೇ ತಿರುಗಿಸಿ ಹಾಕಿಕೊಂಡಿದ್ದೆ. ನಗಬೇಡಿ, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

ಪರೀಕ್ಷೆ ಹೀಗಿತ್ತು. ಕಸ್ಟಮ್ ಗೇಮ್ ತೆರೆದು, ಚೀಟ್ಸ್ ಆನ್ ಮಾಡಿ, ಪಂದ್ಯದ ಸಮಯ ನಿಲ್ಲಿಸಿದೆವು. ಬಯಲಾಗಿರುವ ಒಂದು ಜಾಗದಲ್ಲಿ ನಾನು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತೆ. ಕಣ್ಣು ಮುಚ್ಚಿ, ಮೌಸ್‌ನಿಂದ ಕೈ ತೆಗೆದೆ. ಭಾವ ಎದುರು ತಂಡದಲ್ಲಿ. ಅವನ ಕೈಯಲ್ಲಿ ಹಾವು ಏಣಿ ಆಟದ ದಾಳ. ನನ್ನ ಸುತ್ತ ಗಡಿಯಾರದ ಹಾಗೆ ಆರು ಜಾಗ: 12, 2, 4, 6, 8, 10. ದಾಳದಲ್ಲಿ ಎಷ್ಟು ಬೀಳುತ್ತದೋ ಅಷ್ಟನೆಯ ಜಾಗಕ್ಕೆ ಅವನು ಶಿಫ್ಟ್ ಒತ್ತಿಕೊಂಡು ಮೆಲ್ಲ ನಡೆದು ಹೋಗಬೇಕು, ಯಾಕೆಂದರೆ ಹಾಗೆ ನಡೆದರೆ ಹೆಜ್ಜೆ ಕೇಳುವುದಿಲ್ಲ. ಅಲ್ಲಿ ನಾಲ್ಕೈದು ಹೆಜ್ಜೆ ಓಡಿ ನಿಲ್ಲಬೇಕು. ನಾನು ಗಂಟೆ ಹೇಳಬೇಕು. ಸರಿಯೋ ತಪ್ಪೋ ಅವನು ಹೇಳಬಾರದು, ಬರೆದುಕೊಳ್ಳಬೇಕು. ಒಂದೊಂದು ಸೆಟ್ಟಿಂಗ್‌ಗೆ 30 ಸಲ.

ಗಡಿಯಾರದಲ್ಲಿ ಈ ಆರೇ ಜಾಗ ಆರಿಸಿದ್ದಕ್ಕೆ ಕಾರಣ ಇದೆ. 2 ಮತ್ತು 4 ಎರಡೂ ಬಲಗಡೆಯೇ. ಎರಡೂ ಕಡೆಯಿಂದ ಸದ್ದು ಬಲ ಕಿವಿಗೆ ಎಷ್ಟು ಮೊದಲು ಮುಟ್ಟುತ್ತದೆ, ಎಷ್ಟು ಜೋರಾಗಿ ಮುಟ್ಟುತ್ತದೆ ಎನ್ನುವುದು ಹೆಚ್ಚುಕಡಿಮೆ ಒಂದೇ. 8 ಮತ್ತು 10 ಹಾಗೆಯೇ. 12 ಮತ್ತು 6ರಲ್ಲಿ ಎರಡು ಕಿವಿಗೂ ಸಮ. ಅಂದರೆ ಬದಿ ಗೊತ್ತಾದ ಮಾತ್ರಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ, ಮುಂದೆ ಹಿಂದೆ ಗೊತ್ತಾಗಲೇಬೇಕು.

ಮೊದಲು ಬರೀ ಸ್ಟೀರಿಯೊ. ವಿಂಡೋಸ್‌ನಲ್ಲಿ Spatial sound ಆಫ್, ಆಟದೊಳಗೆ ಇದೇ ಕೆಲಸ ಮಾಡುವ HRTF ಕೂಡ ಆಫ್. ಎಡ ಬಲ ಒಂದೂ ತಪ್ಪಲಿಲ್ಲ. ಮುಂದೆ ಹಿಂದೆ 30ರಲ್ಲಿ 16 ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಎರಡನೆಯದು ಆಟದೊಳಗಿನ ಎಚ್‌ಆರ್‌ಟಿಎಫ್. ನಮ್ಮ ತಲೆ, ಭುಜ, ಕಿವಿಯ ಮಡಿಕೆಗಳು ಬೇರೆ ಬೇರೆ ದಿಕ್ಕಿನ ಸದ್ದನ್ನು ಬೇರೆ ಬೇರೆ ರೀತಿ ಬದಲಿಸುತ್ತವೆ. ಹಿಂದಿನ ಸದ್ದಿನ ತೀಕ್ಷ್ಣ ಭಾಗ ಕಿವಿಯ ಹಾಲೆಗೆ ತಡೆದು ಸ್ವಲ್ಪ ಮಂಕಾಗುತ್ತದೆ. ಒಂದು ಕಿವಿಗೆ ಮುಟ್ಟಿ ಇನ್ನೊಂದಕ್ಕೆ ಮುಟ್ಟಲು ಹೆಚ್ಚೆಂದರೆ 0.7 ಮಿಲಿಸೆಕೆಂಡ್‌ನಷ್ಟು ತಡ. ಈ ಬದಲಾವಣೆಯನ್ನೆಲ್ಲ ಲೆಕ್ಕ ಹಾಕಿ ಹೆಡ್‌ಫೋನ್ ಸದ್ದಿಗೆ ಸೇರಿಸುವುದೇ ಈ ತಂತ್ರ. ವ್ಯಾಲೊರಂಟ್‌ಗೆ ಇದು ಬಂದದ್ದು 2021ರಲ್ಲಿ, 2.06 ಪ್ಯಾಚ್‌ನ ಜೊತೆ. ಆಗ ಅದನ್ನು ಎಲ್ಲ ಸದ್ದಿಗೂ ಹಾಕಿರಲಿಲ್ಲ. ಹೆಜ್ಜೆ, ರೀಲೋಡ್, ಡೆತ್‌ಮ್ಯಾಚ್‌ನಲ್ಲಿ ಮತ್ತೆ ಹುಟ್ಟುವ ಸದ್ದು, ಇಷ್ಟಕ್ಕೇ. ಆಟಕ್ಕೆ ಎದುರಾಳಿ ನಿಂತ ಜಾಗ ಸರಿಯಾಗಿ ಗೊತ್ತಿರುತ್ತದೆ, ಆ ಜಾಗದಿಂದಲೇ ಲೆಕ್ಕ ಹಾಕುತ್ತದೆ. ಮುಂದೆ ಹಿಂದೆ 24 ಸರಿ ಬಂತು. ಕೇಳುವಾಗಲೂ ವ್ಯತ್ಯಾಸ ತಿಳಿಯಿತು. ಸ್ಟೀರಿಯೊದಲ್ಲಿ ಹೆಜ್ಜೆ ಕಿವಿಗೆ ಅಂಟಿಕೊಂಡ ಹಾಗಿತ್ತು, ಇಲ್ಲಿ ಒಂದು ಮಾರು ದೂರ ಹೋದ ಹಾಗೆ.

ಮೂರನೆಯದು ವಿಂಡೋಸ್‌ನ ಪುಕ್ಕಟೆ ಸೌಲಭ್ಯ. ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಹೆಡ್‌ಸೆಟ್ ಆರಿಸಿದರೆ Spatial sound ಸಿಗುತ್ತದೆ. ಅಲ್ಲಿ Windows Sonic for Headphones ಹಾಕಿದೆ, ಆಟದ HRTF ಆಫ್ ಮಾಡಿದೆ. 17 ಸರಿ. ಬರೀ ಸ್ಟೀರಿಯೊಗೂ ಇದಕ್ಕೂ ವ್ಯತ್ಯಾಸ ಇಲ್ಲ ಎಂದೇ ಲೆಕ್ಕ, 30 ಸಲದ ಪರೀಕ್ಷೆಯಲ್ಲಿ ಒಂದು ಆಚೀಚೆ ಆಗುವುದು ಏನೂ ಅಲ್ಲ. ಆದರೆ ಸದ್ದು ಮಾತ್ರ ದೊಡ್ಡ ಹಾಲ್‌ನಲ್ಲಿ ಕೇಳಿದ ಹಾಗಿತ್ತು. ಮೋಸ ಆಗುವುದು ಇಲ್ಲೇ. ವಿಶಾಲ ಅನ್ನಿಸುತ್ತದೆ, ಹಾಗಾಗಿ ಚೆನ್ನಾಗಿದೆ ಅನ್ನಿಸುತ್ತದೆ. ಕಣ್ಣು ಮುಚ್ಚಿ ದಿಕ್ಕು ಹೇಳಿ ಅಂದರೆ ಬಾಯಿ ಬರುವುದಿಲ್ಲ.

ಯಾಕೆ ಹೀಗೆ? ಆಟದ ಸ್ಪೀಕರ್ ಆಯ್ಕೆಯನ್ನು ನಾನು ಸ್ಟೀರಿಯೊದಲ್ಲಿ ಇಟ್ಟಿದ್ದೆ. ಆಟದಿಂದ ಬರುವುದು ಎರಡೇ ಚಾನೆಲ್. ಹಿಂದಿನ ಹೆಜ್ಜೆಯೂ ಮುಂದಿನ ಹೆಜ್ಜೆಯೂ ಅದರಲ್ಲಿ ಆಗಲೇ ಬೆರೆತು ಹೋಗಿರುತ್ತದೆ. ವಿಂಡೋಸ್ ಆ ಎರಡನ್ನು ತೆಗೆದು, ಮುಂದೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟ ಹಾಗೆ ಕೇಳಿಸುತ್ತದೆ. ಇಲ್ಲದ ಮಾಹಿತಿಯನ್ನು ಅದು ಹುಟ್ಟಿಸುವುದು ಸಾಧ್ಯ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಡಾಲ್ಬಿ ಅಟ್ಮಾಸ್, ಡಿಟಿಎಸ್ ಇವುಗಳಿಗೂ ಇದೇ ಮಿತಿ.

ಹಾಗಂತ ಅದು ದಂಡ ಅಲ್ಲ. 7.1 ಸದ್ದು, ಅಂದರೆ ಸುತ್ತಲಿನ ಸ್ಪೀಕರ್‌ಗಳಿಗೆ ಬೇರೆ ಬೇರೆ ಚಾನೆಲ್ ಕೊಡುವ ಇನ್ನೊಂದು ಶೂಟರ್ ನನ್ನಲ್ಲಿದೆ, ಅದರಲ್ಲಿ ಎಚ್‌ಆರ್‌ಟಿಎಫ್ ಇಲ್ಲ. ವಿಂಡೋಸ್ ಸೋನಿಕ್ ಹಾಕಿದ ಮೇಲೆ ಆಟ ಶುರು ಮಾಡಿ, ಒಳಗಿನ ಆಯ್ಕೆಯನ್ನು 7.1ಕ್ಕೆ ಇಟ್ಟರೆ, ಹಿಂದಿನ ಸದ್ದು ಹಿಂದಿನ ಚಾನೆಲ್‌ನಲ್ಲೇ ಬರುತ್ತದೆ. ಅಲ್ಲಿ ಅದು ನಿಜವಾಗಿ ಕೆಲಸ ಮಾಡಿತು. ಆಟ ಓಡುತ್ತಿರುವಾಗ ಮಧ್ಯೆ ಆನ್ ಮಾಡಿದರೆ ನನ್ನಲ್ಲಿ ಏನೂ ಬದಲಾಗಲಿಲ್ಲ, ಮುಚ್ಚಿ ಮತ್ತೆ ತೆರೆಯಬೇಕಾಯಿತು.

ನಾಲ್ಕನೆಯದು ಎರಡನ್ನೂ ಒಟ್ಟಿಗೆ ಹಾಕುವುದು. ಹೆಚ್ಚು ಜನ ಗೊತ್ತಿಲ್ಲದೆ ಮಾಡುವುದು ಇದನ್ನೇ ಅಂತ ನನ್ನ ಅನುಮಾನ. ಆಟ ಒಮ್ಮೆ ಕಿವಿಯ ಲೆಕ್ಕ ಹಾಕಿ ಕೊಟ್ಟದ್ದಕ್ಕೆ ವಿಂಡೋಸ್ ಮತ್ತೊಮ್ಮೆ ಹಾಕುತ್ತದೆ. 15 ಸರಿ. ಹೆಜ್ಜೆಯ ಚೂಪು ಹೋಗಿ, ಖಾಲಿ ಡ್ರಮ್ಮಿನೊಳಗೆ ಯಾರೋ ನಡೆದ ಹಾಗೆ ಕೇಳಿತು. ಎಚ್‌ಆರ್‌ಟಿಎಫ್ ತಂದುಕೊಟ್ಟ ಲಾಭ ಪೂರ್ತಿ ಹೋಯಿತು. ಹೆಡ್‌ಸೆಟ್‌ನ ಯುಎಸ್‌ಬಿ ಡಾಂಗಲ್ ಮೇಲೆ 7.1 ಎಂಬ ಬಟನ್ ಇದ್ದರೆ ಅದೂ ಹೀಗೆಯೇ ಎರಡನೇ ಲೇಪ. ನನ್ನ ಡಾಂಗಲ್‌ನಲ್ಲಿ ಆ ದೀಪ ಎಷ್ಟು ತಿಂಗಳಿಂದ ಉರಿಯುತ್ತಿತ್ತೋ ಏನೋ. ಅದನ್ನು ಕಿತ್ತು 3.5 ಎಂಎಂ ಪಿನ್ನನ್ನೇ ನೇರ ಹಾಕಿ ಇಷ್ಟೂ ಪರೀಕ್ಷೆ ಮಾಡಿದ್ದು.

ಇಷ್ಟಕ್ಕೇ ನಿಲ್ಲಿಸಿದ್ದರೆ ಎಚ್‌ಆರ್‌ಟಿಎಫ್ ಗೆದ್ದಿತು ಅಂತ ಬರೆಯುತ್ತಿದ್ದೆ. ಆಗ ಭಾವ ಕೇಳಿದ, "ಅಲ್ಲ ಮಾರಾಯ, ಆಡುವಾಗ ಯಾರು ಕಂಬದ ಹಾಗೆ ನಿಲ್ತಾರೆ?"

ಸರಿಯಾದ ಮಾತು. ಕಣ್ಣು ಮುಚ್ಚಿಕೊಂಡೇ ಮತ್ತೆ 30 ಸಲ ಮಾಡಿದೆವು, ಆದರೆ ಈ ಸಲ ಮೌಸ್ ಸ್ವಲ್ಪ ಅಲ್ಲಾಡಿಸಬಹುದು. ಸೋಗೆಯ ಸದ್ದಿಗೆ ತಲೆ ತಿರುಗಿಸಿದ ಹಾಗೆ. ನೋಟವನ್ನು ಎಡಕ್ಕೆ ತಿರುಗಿಸಿದಾಗ ಹೆಜ್ಜೆ ಬಲ ಕಿವಿಯ ಕಡೆ ಜಾರಿದರೆ ಅದು ಮುಂದಿನದು. ಎಡ ಕಿವಿಯ ಕಡೆ ಜಾರಿದರೆ ಹಿಂದಿನದು. ಬರೀ ಸ್ಟೀರಿಯೊದಲ್ಲಿ 28 ಸರಿ ಬಂತು. ಎಚ್‌ಆರ್‌ಟಿಎಫ್‌ನಲ್ಲಿ 29. ವ್ಯತ್ಯಾಸವೇ ಮಾಯ!

ಹಾಗಾದರೆ ಎಚ್‌ಆರ್‌ಟಿಎಫ್ ಬೇಕಾಗುವುದು ತಿರುಗಲು ಆಗದಿರುವಾಗ. ಬಾಗಿಲಿನ ಅಂಚಿಗೆ ಗುರಿ ಇಟ್ಟು ಆಪರೇಟರ್ ಎಂಬ ಸ್ನೈಪರ್ ಬಂದೂಕು ಹಿಡಿದು ನಿಂತಿದ್ದೀರಿ, ಹತ್ತು ಡಿಗ್ರಿ ಕದಲಿದರೂ ಎದುರಿನವ ದಾಟಿ ಹೋಗುತ್ತಾನೆ. ಆಗ ಹಿಂದಿನಿಂದ ಎರಡು ಹೆಜ್ಜೆ ಕೇಳಿತು. ಅಥವಾ ಸದ್ದು ಎಷ್ಟು ಚಿಕ್ಕದು ಅಂದರೆ ನೀವು ಮೌಸ್ ತಿರುಗಿಸುವ ಮೊದಲೇ ಅವನು ಮೆಲ್ಲ ನಡೆಯಲು ಶುರು ಮಾಡಿರುತ್ತಾನೆ. ಇಂತಹ ಕಡೆ 16 ಮತ್ತು 24ರ ನಡುವಿನ ಅಂತರ ನಿಜವಾಗಿ ಜೀವ ಉಳಿಸುತ್ತದೆ. ಉಳಿದ ಹೊತ್ತಲ್ಲಿ ನಿಮ್ಮ ಕೈಯೇ ಆ ಕೆಲಸ ಮಾಡುತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ.

ಮೇಲೆ ಕೆಳಗೆ ಎನ್ನುವ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಸೋತಿತು. ಅಸೆಂಟ್ ಮ್ಯಾಪಿನ ಎ ಸೈಟಿನಲ್ಲಿ ನಾನು ಕೆಳಗೆ, ಭಾವ ಕೆಲವು ಸಲ ಮೇಲಿನ ಹೆವನ್‌ನಲ್ಲಿ, ಕೆಲವು ಸಲ ನನ್ನ ಮಟ್ಟದಲ್ಲೇ. ಎಚ್‌ಆರ್‌ಟಿಎಫ್ ಇದ್ದರೂ ದಿಕ್ಕಿನಿಂದ ಹೇಳಲು ಆಗಲಿಲ್ಲ. ಎತ್ತರ ತಿಳಿಯುವುದು ಹೆಚ್ಚಾಗಿ 5 ಕಿಲೋಹರ್ಟ್ಜ್‌ಗಿಂತ ಮೇಲಿನ ತೀಕ್ಷ್ಣ ಸದ್ದಿನಿಂದ. ಹೆಜ್ಜೆಯಲ್ಲಿ ಧಡ್ ಧಡ್ ಜಾಸ್ತಿ, ಆ ತೀಕ್ಷ್ಣ ಭಾಗ ಕಡಿಮೆ. ನಾನು ಸರಿ ಹೇಳಿದ ಕೆಲವು ಸಲವೂ ನೆಲದ ಸದ್ದು ಬೇರೆ ಇದ್ದದ್ದರಿಂದ ಗೊತ್ತಾದದ್ದು. ಅದಕ್ಕೆ ಸ್ಪೇಷಿಯಲ್ ಬೇಡ, ಮ್ಯಾಪ್ ಬಾಯಿಪಾಠ ಇದ್ದರೆ ಸಾಕು.

ಕೊನೆಗೆ ಜಾಗ ಅದಲು ಬದಲು ಮಾಡಿಕೊಂಡೆವು. ಭಾವ ಕಣ್ಣು ಮುಚ್ಚಿದ, ನಾನು ಓಡಿದೆ. ಎಚ್‌ಆರ್‌ಟಿಎಫ್‌ನಲ್ಲಿ ಅವನಿಗೆ ಬಂದದ್ದು 18. 12ರಲ್ಲಿ ಓಡಿದ್ದನ್ನೆಲ್ಲ 6 ಎಂದೇ ಹೇಳುತ್ತಿದ್ದ. ಆಟ ಬಳಸುವುದು ಎಲ್ಲರಿಗೂ ಒಂದೇ ಅಚ್ಚಿನ ಕಿವಿ. ನನ್ನ ಕಿವಿ ಅದಕ್ಕೆ ಹತ್ತಿರ ಇರಬೇಕು, ಅವನದು ದೂರ. ಮುಂದಿನ ಸದ್ದು ತಲೆಯೊಳಗೇ ಅಥವಾ ಹಿಂದೆ ಕೇಳಿಸುವುದು ಇಂತಹ ಅಚ್ಚಿನ ಕಿವಿಗಳಲ್ಲಿ ಸಾಮಾನ್ಯ ತೊಂದರೆ. ಒಂದು ವಾರ ಅದನ್ನೇ ಹಾಕಿ ಆಡಿ ನೋಡು, ರೂಢಿಯಾಗಬಹುದು ಎಂದೆ. "ವಾರ ಪೂರ್ತಿ ಸೋಲುವುದು ಯಾರು?" ಎಂದ. ಅವನದು ಈಗಲೂ ಆಫ್, ನನ್ನದು ಆನ್. ವಿಂಡೋಸ್ ಸೋನಿಕ್ ಇಬ್ಬರದೂ ಆಫ್, ಆ 7.1 ಆಟ ಆಡುವ ದಿನ ಮಾತ್ರ ನಾನು ಹಾಕುತ್ತೇನೆ.

ಅಂಗಳದ ತಗಡಿನ ಮಾಡಿನ ಮೇಲೆ ಮಳೆ ಜೋರಾದ ರಾತ್ರಿ ಮಾತ್ರ ಈ ನಾಲ್ಕರಲ್ಲಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಮಳೆಯ ಸದ್ದಿಗೆ ಮೊದಲು ಮುಚ್ಚಿ ಹೋಗುವುದು ಹೆಜ್ಜೆಯ ಆ ತೀಕ್ಷ್ಣ ಭಾಗವೇ. ಆ ದಿನ ನಾನು ಆಪರೇಟರ್ ಕೊಳ್ಳುವುದಿಲ್ಲ.