ಎಳೆ ರಂಗೋಲಿಯ ಫೋಟೊದಲ್ಲಿ ಚುಕ್ಕಿ ಎಣಿಕೆ: ಪ್ರೋಗ್ರಾಮೋ, ಕೈಲೆಕ್ಕವೋ?

ಪ್ಲೈವುಡ್ ಮೇಲೆ ಉಲ್ಲನ್ ದಾರ ಅಂಟಿಸಿ ಎಳೆ ರಂಗೋಲಿ ಮಾಡುವಾಗ ಎರಡು ವಿಷಯ ಮೊದಲೇ ಗೊತ್ತಿರಬೇಕು. ದಾರದ ತುಂಡು ಎಷ್ಟು, ಒಂದೊಂದೂ ಎಷ್ಟುದ್ದ? ಅಂಗಳದ ರಂಗೋಲಿಯ ಫೋಟೊದಿಂದ ಇದನ್ನು ತಿಳಿಯಲು ಮೂರು ದಾರಿ ಹಿಡಿದು ನೋಡಿದೆ. ರಂಗೋಲಿ 6 ಸಾಲಿನದು, ಸಾಲಿಗೆ 9 ನೇರ ಚುಕ್ಕಿ. ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಯ ನಡುವೆಯೂ ಎಳೆಗಳು ಒಂದನ್ನೊಂದು ದಾಟುತ್ತವೆ.

ಮೊದಲನೆಯದು ಪ್ರೋಗ್ರಾಮು. ಫೋಟೊ ಪರಿಶೀಲಿಸುವ ಓಪನ್‌ಸಿವಿ ಲೈಬ್ರರಿಯ `SimpleBlobDetector` ಚುಕ್ಕಿ ಹುಡುಕಿ ಎಣಿಸುತ್ತದೆ. ಅದು ಸುಮ್ನೆ ಬಿಟ್ಟರೆ ಕಪ್ಪು ಚುಕ್ಕಿಯನ್ನೇ ಹುಡುಕುತ್ತದೆ. ಬಿಳಿ ಪುಡಿಗೆ `blobColor = 255` ಅಂತ ಕೊಡಬೇಕು. ಎಳೆ ಚುಕ್ಕಿಗೆ ತಾಗಿದ್ದರೆ ಎರಡೂ ಸೇರಿ ಒಂದೇ ಆಕಾರವಾಗಿ ಎಣಿಕೆ ತಪ್ಪುತ್ತದೆ. ಹಾಗಾಗಿ ಎಳೆ ಬಿಡುವ ಮೊದಲೇ ಫೋಟೊ ತೆಗೆಯಬೇಕು. ಎಲ್ಲ ಸರಿಹೋದರೂ ಸಿಗುವುದು 54 ಎಂಬ ಒಂದು ಸಂಖ್ಯೆ ಮಾತ್ರ. ಉದ್ದಕ್ಕೆ ಇಷ್ಟು ಸಾಕು. ಎಳೆ ಎಷ್ಟು ಅನ್ನೋದಕ್ಕೆ ಸಾಲದು. 2×27 ಕೂಡ 54 ಅಲ್ವಾ? ಅಲ್ಲಿ ಎಳೆ ಒಂದೇ.

ಎರಡನೆಯದು ಅಂಚಿನ ಲೆಕ್ಕ. ಮೇಲಿನ ಸಾಲು, ಎಡಗಡೆಯ ಕಂಬಸಾಲು, ಇಷ್ಟೇ ಎಣಿಸಿ. ಎರಡರ ಮ.ಸಾ.ಅ. ಎಷ್ಟೋ ಎಳೆಯೂ ಅಷ್ಟೇ. 6 ಮತ್ತು 9ಕ್ಕೆ ಅದು 3. ಉದ್ದಕ್ಕೆ ಹೀಗೆ: ಪ್ರತಿ ಚುಕ್ಕಿಯ ಸುತ್ತ ನಾಲ್ಕು ಓರೆ ಗೆರೆ ಬರುತ್ತವೆ. ಒಂದೊಂದೂ ಚುಕ್ಕಿಗಳ ಅಂತರದ ಸುಮಾರು 0.71 ಪಾಲು. ಒಟ್ಟು 2.83 ಪಾಲು. ಹಲಗೆಯ ಮೇಲೆ ಅಂತರ 3 ಸೆಂ.ಮೀ. ಇಟ್ಟರೆ:

```
2.83 × 3 × 54 = 458 ಸೆಂ.ಮೀ.
458 ÷ 3 = 153 ಸೆಂ.ಮೀ.
```

ಈ ಬಗೆಯ ಆಯತದಲ್ಲಿ ಎಲ್ಲ ಎಳೆಯೂ ಒಂದೇ ಉದ್ದ, ಅದಕ್ಕೇ ಭಾಗಿಸಿದರೆ ಸಾಕು. ಅಂಚಿನಲ್ಲಿ ಎಳೆ ದುಂಡಗೆ ಬಾಗುವುದರಿಂದ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ನಾನು ಒಂದೊಂದಕ್ಕೆ 165 ಕತ್ತರಿಸುತ್ತೇನೆ. ಚುಕ್ಕಿಯೆಲ್ಲ ಪೂರ್ತಿ ಬೇರೆ ಬೇರೆ ವೃತ್ತವಾದರೂ 2.83 ಏರುವುದು 3.14ಕ್ಕೆ, ಅದಕ್ಕಿಂತ ದೂರ ಹೋಗುವುದಿಲ್ಲ.

ಇಲ್ಲಿ ಎಚ್ಚರ ಬೇಕಾದದ್ದು ಅಂಚಿನ ಎಣಿಕೆಯಲ್ಲೇ. 9ನ್ನು 8 ಅಂತ ಎಣಿಸಿದರೆ ಎಳೆ 3ರ ಬದಲು 2 ಆಗುತ್ತದೆ, ತುಂಡಿನ ಲೆಕ್ಕವೇ ಹಾಳು. ಓರೆಯಾಗಿ ತೆಗೆದ ಫೋಟೊದಲ್ಲಿ ದೂರದ ಚುಕ್ಕಿಗಳು ಒತ್ತೊತ್ತಾಗಿ ಕಾಣುತ್ತವೆ, ಅಲ್ಲೇ ಒಂದು ಕಣ್ತಪ್ಪುವುದು. ಎದುರಿನ ಅಂಚನ್ನೂ ಎಣಿಸಿ ತಾಳೆ ನೋಡಿ. ಅಂತರವನ್ನು ಫೋಟೊದಿಂದಲೇ ತೆಗೆಯುವುದಾದರೆ, 9 ಚುಕ್ಕಿಗೆ ಸಂದು 8 ಮಾತ್ರ ಅನ್ನೋದು ನೆನಪಿರಲಿ.

ಮೂರನೆಯದು, ಫೋನಿನಲ್ಲೇ ಫೋಟೊ ಮೇಲೆ ಒಂದೊಂದು ಎಳೆಗೆ ಒಂದು ಬಣ್ಣ ಹಾಕುತ್ತಾ ಹೋಗುವುದು. ನಿಧಾನ, ಕಣ್ಣೂ ನೋಯುತ್ತದೆ. ಆದರೆ ಎಲ್ಲಾದರೂ ಎಳೆಗಳು ದಾಟದೆ ಬಾಗಿ ತಿರುಗಿದ್ದರೆ ಮ.ಸಾ.ಅ. ನಂಬುವಂತಿಲ್ಲ. ಅಂಥ ಒಂದೇ ತಿರುವು ಎರಡು ಎಳೆಯನ್ನು ಒಂದಾಗಿಸಬಹುದು, ಒಂದನ್ನು ಎರಡಾಗಿಯೂ ಒಡೆಯಬಹುದು. ಆಗ ಎಳೆಗಳ ಉದ್ದವೂ ಒಂದೇ ಇರುವುದಿಲ್ಲ. ಪ್ರತಿ ಬಣ್ಣದಲ್ಲಿ ಎಷ್ಟು ಓರೆ ಗೆರೆ ಇವೆ ಅಂತ ಎಣಿಸಿ, 0.71 ಮತ್ತು ಅಂತರದಿಂದ ಗುಣಿಸಬೇಕು.

ತುಂಬು ಆಯತಕ್ಕೆ ನನ್ನ ಮತ ಅಂಚಿನ ಲೆಕ್ಕಕ್ಕೆ. ತಿರುವಿದ್ದರೆ ಬಣ್ಣ ಹಾಕುವುದೇ ಸೈ. ಪ್ರೋಗ್ರಾಮು ಬೇಕೆನಿಸುವುದು ನೂರಾರು ಚುಕ್ಕಿಯ ದೊಡ್ಡ ರಂಗೋಲಿಗೆ, ಅದೂ ಒಟ್ಟು ಎಷ್ಟು ಉಂಡೆ ಉಲ್ಲನ್ ತರಬೇಕು ಅಂತ ನೋಡೋಕೆ.