ಆತ್ಮಕಥೆಯಲ್ಲಿ ಕೊನೆಯ ಮಾತು ಯಾರದು?

ಕಳೆದ ವರ್ಷ ಒಂದು ಮದುವೆಯ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಆತ್ಮಕಥೆಯೊಂದೂ ಬಂದಿತ್ತು. ಬರೆದವರು ಹುಡುಗಿಯ ಅಜ್ಜ, ನಿವೃತ್ತ ಅಧಿಕಾರಿ. ಹೊಳಪು ಕಾಗದ, ನಡುವೆ ಬಣ್ಣದ ಚಿತ್ರಗಳು, ಹೆಚ್ಚಿನವು ಶಾಲು ಹಾರದವು. ಭಾಷೆ ಚೆನ್ನಾಗಿಯೇ ಇತ್ತು, ಓದಿಸಿಕೊಂಡು ಹೋಯಿತು. ಅರ್ಧ ಮುಗಿಯುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಆ ಪುಸ್ತಕದ ಎಲ್ಲ ವಾಗ್ವಾದಗಳಲ್ಲೂ ಗೆಲ್ಲುವವರು ಅವರೇ. ಮಂತ್ರಿ ಗದರುತ್ತಾರೆ, ಇವರು ಒಂದೇ ಮಾತು ಹೇಳುತ್ತಾರೆ, ಮಂತ್ರಿ ತಲೆ ತಗ್ಗಿಸುತ್ತಾರೆ. ಹೆಂಡತಿ ಮೂರು ಕಡೆ ಬರುತ್ತಾರೆ, ಮೂರು ಕಡೆಯೂ ಕಾಫಿ ತರುತ್ತಾರೆ. ‘ನನ್ನ ದೌರ್ಬಲ್ಯಗಳು’ ಎಂಬ ಅಧ್ಯಾಯವೂ ಇದೆ. ಎಲ್ಲರನ್ನೂ ನಂಬಿಬಿಡುವುದು ಮೊದಲನೆಯದು, ಸತ್ಯವನ್ನು ಮುಖದ ಮೇಲೆ ಹೇಳಿಬಿಡುವುದು ಎರಡನೆಯದು.

ಈ ಗುಂಗಿನಲ್ಲೇ ಗಾಂಧಿಯ ಆತ್ಮಕಥೆಯನ್ನು ಮತ್ತೆ ಕೈಗೆತ್ತಿಕೊಂಡೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಕಳ್ಳತನ ಮಾಡಿ ತಂದೆಗೆ ಚೀಟಿ ಬರೆದು ಒಪ್ಪಿಕೊಂಡ ಪ್ರಸಂಗ. ಅದು ಒಪ್ಪಿಕೊಂಡವನಿಗೇ ಕೀರ್ತಿ ತರುವಂಥದ್ದು, ಅಧಿಕಾರಿಗಳ ಪುಸ್ತಕದಲ್ಲೂ ಸಲೀಸಾಗಿ ಕೂರುತ್ತಿತ್ತು. ನಾನು ಹುಡುಕಿದ್ದು 1898ರ ಡರ್ಬನ್ ಪ್ರಸಂಗವನ್ನು. ಮನೆಯ ಕೋಣೆಗಳಲ್ಲಿ ಬಚ್ಚಲಿರಲಿಲ್ಲ, ಮೂತ್ರದ ಪಾತ್ರೆ ಇಡುತ್ತಿದ್ದರು. ಮನೆಯಲ್ಲೇ ಉಳಿದುಕೊಂಡಿದ್ದ ಗುಮಾಸ್ತರಲ್ಲಿ ಒಬ್ಬರು ಹೊಸಬರು, ಅಸ್ಪೃಶ್ಯರೆನಿಸಿಕೊಂಡ ತಂದೆತಾಯಿಗೆ ಹುಟ್ಟಿದ ಕ್ರೈಸ್ತರು. ಅವರ ಪಾತ್ರೆಯನ್ನು ತೆಗೆಯುವುದು ಕಸ್ತೂರಬಾಗೆ ಸಹಿಸಲಾಗದ ಕೆಲಸ. ಕಣ್ಣೀರು ಸುರಿಸುತ್ತಲೇ ಪಾತ್ರೆ ಹಿಡಿದು ಮೆಟ್ಟಿಲಿಳಿಯುತ್ತಾರೆ. ಗಂಡನಿಗೆ ಅಷ್ಟು ಸಾಲದು, ನಗುನಗುತ್ತಾ ಮಾಡಬೇಕು. ಕೂಗಾಡಿ, ಕೈಹಿಡಿದು ಎಳೆದು, ಹೊರದೂಡಲು ಗೇಟನ್ನು ತೆರೆಯುತ್ತಾನೆ. ಆಗ ಕಸ್ತೂರಬಾ ಕೇಳುತ್ತಾರೆ: ನಿಮಗೆ ನಾಚಿಕೆಯಿಲ್ಲವೇ? ಇಲ್ಲಿ ನನಗೆ ತಂದೆತಾಯಿ, ನೆಂಟರು ಯಾರಿದ್ದಾರೆ? ಗೇಟು ಮುಚ್ಚಿ, ಯಾರಾದರೂ ನೋಡಿಯಾರು.

ಗಾಂಧಿ ಗೇಟು ಮುಚ್ಚುತ್ತಾರೆ. ಮುಖದಲ್ಲಿ ಬಿಗುಮಾನ, ಒಳಗೆ ನಾಚಿಕೆ ಎಂದು ಬರೆಯುತ್ತಾರೆ. ಆ ಹೊತ್ತಿನ ಕೊನೆಯ ಮಾತು ಹೆಂಡತಿಯದು, ಗಂಡನ ಬಳಿ ಉತ್ತರವಿಲ್ಲ. 1925ರಿಂದ ‘ನವಜೀವನ’ ಪತ್ರಿಕೆಯಲ್ಲಿ ಈ ಕಥೆ ಕಂತುಕಂತಾಗಿ ಬರುತ್ತಿದ್ದಾಗ ಕಸ್ತೂರಬಾ ಬದುಕಿದ್ದರು ಎಂಬುದನ್ನೂ ಮರೆಯಬಾರದು. ಹಾಗೆಂದು ಪೂರ್ತಿ ನಂಬಿ ಕೂರಲೂ ಆಗದು: ಅಧ್ಯಾಯದ ಉಳಿದ ಭಾಗದಲ್ಲಿ ಈ ಜಗಳವೂ ಬ್ರಹ್ಮಚರ್ಯದ ಪಾಠಕ್ಕೆ ದುಡಿಯಬೇಕಾಗುತ್ತದೆ. ನನಗೆ ಅಲ್ಲಿ ಸ್ವಲ್ಪ ಕಿರಿಕಿರಿಯಾಗುತ್ತದೆ.

ಮೂರನೆಯದು ರೂಸೋನ ‘ಕನ್ಫೆಷನ್ಸ್’, ಅವನು ಸತ್ತ ಮೇಲೆ 1782ರಿಂದ ಅಚ್ಚಾದದ್ದು. ಬಿಚ್ಚುಮನಸ್ಸೆಂದರೆ ಇದೇ ಎಂದು ಎಲ್ಲರೂ ತೋರಿಸುವ ಪುಸ್ತಕ. ಹುಡುಗನಾಗಿದ್ದಾಗ ಟ್ಯೂರಿನ್‌ನ ಒಂದು ಮನೆಯಲ್ಲಿ ಆಳಾಗಿದ್ದವನು ರಿಬ್ಬನ್ ಕದ್ದು ಸಿಕ್ಕಿಬೀಳುತ್ತಾನೆ. ಅಡುಗೆಯ ಹುಡುಗಿ ಮರಿಯೋನ್ ಕೊಟ್ಟಳೆಂದು ಸುಳ್ಳು ಹೇಳುತ್ತಾನೆ. ಅವಳು ಬೈಯುವುದಿಲ್ಲ. ನೀನು ಒಳ್ಳೆಯವನೆಂದುಕೊಂಡಿದ್ದೆ, ಆದರೂ ನಿನ್ನ ಜಾಗದಲ್ಲಿ ನಾನಿರಲು ಬಯಸುವುದಿಲ್ಲ ಎನ್ನುತ್ತಾಳೆ. ಇಬ್ಬರ ಕೆಲಸವೂ ಹೋಗುತ್ತದೆ. ಇಲ್ಲಿಗೆ ನಿಂತಿದ್ದರೆ ಡರ್ಬನ್ನಿನ ಗೇಟಿಗೆ ಸರಿಸಾಟಿಯಾಗುತ್ತಿತ್ತು. ಆದರೆ ರೂಸೋ ಮುಂದುವರಿಯುತ್ತಾನೆ: ರಿಬ್ಬನನ್ನು ಅವಳಿಗೇ ಕೊಡಬೇಕೆಂದಿದ್ದೆ, ಆದ್ದರಿಂದ ಅವಳ ಹೆಸರೇ ಬಾಯಿಗೆ ಬಂತು, ನನ್ನ ಸ್ನೇಹವೇ ಅದಕ್ಕೆ ಕಾರಣ ಎನ್ನುತ್ತಾನೆ. ಆರೋಪಿಯೇ ವಕೀಲನ ಕೋಟು ತೊಟ್ಟು ಎದ್ದು ನಿಂತ ಹಾಗೆ. ತನ್ನ ಐದು ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟದ್ದನ್ನು ಹೇಳುವಾಗಲೂ ಹೀಗೆಯೇ. ನಿವೃತ್ತ ಅಧಿಕಾರಿಗೂ ಇವನಿಗೂ ನಂಟಿದೆ ಎಂದು ನನಗನ್ನಿಸಿದ್ದು ಆಗಲೇ. ಅವರು ತಪ್ಪನ್ನು ಮುಚ್ಚಿಟ್ಟು ಮಿಂಚುತ್ತಾರೆ, ಇವನು ತೆರೆದಿಟ್ಟು ಮಿಂಚುತ್ತಾನೆ. ಆದರೂ ಇಬ್ಬರಲ್ಲಿ ಒಬ್ಬರನ್ನೇ ಓದು ಎಂದರೆ ರೂಸೋನನ್ನೇ ಓದುತ್ತೇನೆ. ಮರಿಯೋನಳ ಆ ಮಾತನ್ನು ಅವನು ಅಳಿಸಿಹಾಕಲಿಲ್ಲವಲ್ಲ.

ತನ್ನನ್ನು ಚಿಕ್ಕದಾಗಿಸುವ ಮಾತನ್ನು ಅಳಿಸದೆ ಉಳಿಸಿಕೊಂಡದ್ದಕ್ಕೆ ಕನ್ನಡದಲ್ಲಿ ಉದಾಹರಣೆಯಾಗಿ ಸಿಗುವ ಪುಸ್ತಕ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011). ನಮ್ಮ ಆತ್ಮಕಥೆಗಳು ಸಾಮಾನ್ಯವಾಗಿ ಗೋತ್ರ, ಮನೆತನ, ಹುಟ್ಟಿದ ದಿನದ ಶುಭಶಕುನಗಳಿಂದ ಶುರುವಾಗುತ್ತವೆ. ಕಾರ್ನಾಡರು ಪುಸ್ತಕವನ್ನು ಡಾ. ಮಧುಮಾಲತಿ ಗುಣೆ ಅವರಿಗೆ ಅರ್ಪಿಸಿದ್ದಾರೆ. ಹೊಟ್ಟೆಯಲ್ಲಿದ್ದ ಮಗು ಬೇಡವೆಂದು ತಾಯಿ ಆ ವೈದ್ಯೆಯ ಬಳಿ ಹೋಗಿದ್ದರು. ವೈದ್ಯೆ ಅಂದು ಬರಲಿಲ್ಲ, ಕಾದು ಕಾದು ಮನೆಗೆ ಮರಳಿದರು. ಆ ಮಗುವೇ ಕಾರ್ನಾಡರು. ತಾನು ಹುಟ್ಟಿದ್ದೇ ಯಾರೋ ಸಮಯಕ್ಕೆ ಬಾರದಿದ್ದುದರಿಂದ ಎಂದು ಹೇಳಿ ಶುರುಮಾಡುವವರು ಮುಂದೆ ಹೆಮ್ಮೆಪಟ್ಟರೂ ಕ್ಷಮಿಸಬಹುದು. ಅವರು ಹೆಮ್ಮೆಪಡದೆ ಇದ್ದಾರೆ ಎಂದೇನೂ ನಾನು ಹೇಳುತ್ತಿಲ್ಲ.

ಈಗ ಅಂಗಡಿಯಲ್ಲಿ ಆತ್ಮಕಥೆ ಕೈಗೆ ಸಿಕ್ಕರೆ ಮುನ್ನುಡಿ ಓದುವುದಿಲ್ಲ. ನಡುವಿನಲ್ಲಿ ತೆರೆದು ಹೆಂಡತಿಯೋ ಗಂಡನೋ ಮನೆಗೆಲಸದವರೋ ಕೈಕೆಳಗಿನ ನೌಕರರೋ ಮಾತಾಡುವ ಪುಟ ಹುಡುಕುತ್ತೇನೆ. ಮೊನ್ನೆ ಒಂದರಲ್ಲಿ ಅಂಥ ಪುಟಕ್ಕಾಗಿ ಹತ್ತು ನಿಮಿಷ ತಡಕಾಡಿದೆ. ಕೊನೆಗೆ ಸಿಕ್ಕಿದ್ದು ಕಾರು ಚಾಲಕನೊಬ್ಬನ ಒಂದೇ ಸಾಲು: ‘ನಿಮ್ಮಂಥವರು ಇನ್ನೊಬ್ಬರಿಲ್ಲ ಸಾರ್.’ ಪುಸ್ತಕವನ್ನು ಮತ್ತೆ ಕಪಾಟಿನಲ್ಲಿಟ್ಟೆ.